ಒಂದು ಗಂಟೆ ತಡವಾಗಿ ಬಂದ ವೆಬ್‌ಹುಕ್

ನೀರಜಾ ಕೆಲಸ ಮಾಡುತ್ತಿದ್ದ ಇಂಗ್ಲೆಂಡಿನ ಬರ್ಚ್‌ವುಡ್‌ನ ಕಂಪನಿ ಚಿಕ್ಕದು. ಹೊರದೇಶದಿಂದ ಬಂದ ಡಾಕ್ಟರುಗಳನ್ನು ಇಲ್ಲಿನ ಲೈಸೆನ್ಸ್ ಪರೀಕ್ಷೆಗೆ ತಯಾರು ಮಾಡುವುದು ಅದರ ಕಸುಬು. ಆನ್‌ಲೈನ್ ಪಾಠಗಳ ಜೊತೆಗೆ ಮ್ಯಾಂಚೆಸ್ಟರಿನಲ್ಲಿ ಒಂದು ಶನಿವಾರ ಅಣಕು ಪರೀಕ್ಷೆಯೂ ಇರುತ್ತಿತ್ತು. ನಟರು ರೋಗಿಗಳಾಗಿ ಕೂರುತ್ತಿದ್ದರು. ಸೀಟುಗಳು ಇಪ್ಪತ್ತನಾಲ್ಕೇ, ಕಾಯುವವರ ಪಟ್ಟಿ ಮಾತ್ರ ಉದ್ದ.

ಫೀಸು ವಸೂಲಿಯ ಕೋಡ್ ಬರೆದವಳು ನೀರಜಾ. ಹಣ ಬಂದರೆ, ಬಾರದಿದ್ದರೆ, ಪೇಮೆಂಟ್ ಕಂಪನಿ ಅವಳ ಸರ್ವರಿಗೆ ಒಂದು ಸಂದೇಶ ಕಳಿಸುತ್ತಿತ್ತು. ಅದಕ್ಕೇ ವೆಬ್‌ಹುಕ್ ಎನ್ನುವುದು. ‘ಬಂತು’ ಎಂದರೆ ಸೀಟು ಖಾತ್ರಿ. ‘ವಿಫಲ’ ಎಂದರೆ ಸೀಟು ಬಿಟ್ಟುಕೊಟ್ಟು, ಪಟ್ಟಿಯಲ್ಲಿ ಮುಂದಿನವರಿಗೆ ಕೊಡುವುದು.

ಕೋಡ್ ನೋಡಿದ ಸಹೋದ್ಯೋಗಿ ಮಿಥುನ್ ಆಗಲೇ ಹೇಳಿದ್ದ. “ಈ ಸಂದೇಶಗಳು ಕಳಿಸಿದ ಕ್ರಮದಲ್ಲೇ ಬರುತ್ತವೆ ಅಂತ ನಂಬೋ ಹಾಗಿಲ್ಲ ನೀರಜಾ. ಒಂದೇ ಸಂದೇಶ ಎರಡು ಸಲವೂ ಬರಬಹುದು.”

“ಗೊತ್ತು. ಮೊದಲು ಇದು ಬಳಕೆಗೆ ಬರಲಿ, ಆಮೇಲೆ ಸರಿಮಾಡ್ತೀನಿ,” ಎಂದಿದ್ದಳು. ಆ ‘ಆಮೇಲೆ’ ಎರಡು ತಿಂಗಳಾದರೂ ಬಂದಿರಲಿಲ್ಲ.

೨೦೧೬ರ ಏಪ್ರಿಲ್‌ನ ಒಂದು ಸೋಮವಾರ ನಾಟಿಂಗ್‌ಹ್ಯಾಮ್‌ನಿಂದ ಡಾಕ್ಟರ್ ಇಂದುಶೇಖರ ಎಂಬವರ ಮೇಲ್ ಬಂತು. ಫೀಸು ಕಟ್ಟಿದ್ದೇನೆ, ಆದರೂ ಪೇಮೆಂಟ್ ವಿಫಲ ಎಂದು ನಿಮ್ಮಿಂದ ಎರಡು ಮೇಲ್ ಬಂದಿವೆ, ಸೀಟೂ ಹೋಗಿದೆ, ಬ್ಯಾಂಕಿನಲ್ಲಿ ಹಣ ಕಡಿತವಾಗಿದೆ, ದಯವಿಟ್ಟು ನೋಡಿ ಎಂದು ಬರೆದಿದ್ದರು. ಸಪೋರ್ಟಿನ ಕ್ಯಾರಲ್ ಅದನ್ನು ನೀರಜಾಳಿಗೆ ಕಳಿಸಿದಳು. ನೀರಜಾ ತನ್ನ ಡೇಟಾಬೇಸ್ ತೆರೆದಳು. ‘ವಿಫಲ’ ಎಂದಿತ್ತು. ಪೇಮೆಂಟ್ ಕಂಪನಿಯ ದಾಖಲೆ ತೆರೆಯಲು ಒಂದು ನಿಮಿಷವೂ ಬೇಕಿರಲಿಲ್ಲ, ತೆರೆಯಲಿಲ್ಲ. ವಿಫಲವಾದ ಹಣವೂ ಬ್ಯಾಂಕಿನಲ್ಲಿ ಕೆಲವು ದಿನ ಕಡಿತವಾದಂತೆ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು. ‘ಅವರ ಕಾರ್ಡಿನದೇ ಸಮಸ್ಯೆ, ನಮ್ಮ ಕಡೆ ಎಲ್ಲ ಸರಿಯಿದೆ’ ಎಂದು ಕ್ಯಾರಲ್‌ಗೆ ಉತ್ತರ ಬರೆದಳು. ಅವರು ಮತ್ತೆರಡು ಸಲ ಬರೆದರು. ಕ್ಯಾರಲ್ ಅದೇ ಉತ್ತರವನ್ನು ಕಳಿಸಿದಳು. ಶನಿವಾರ ಅಣಕು ಪರೀಕ್ಷೆ ಮುಗಿದುಹೋಯಿತು.

ಮುಂದಿನ ಬುಧವಾರ ಮಿಥುನ್ ಅವಳ ಮೇಜಿನ ಬಳಿ ಕುರ್ಚಿ ಎಳೆದುಕೊಂಡ. “ಈ ಡಾಕ್ಟರಿಗೆ ಒಂದೇ ಮೇಲ್ ಎರಡು ಸಲ ಹೋಗಿದ್ದು ಯಾಕೆ ಅಂತ ನೋಡ್ತಿದ್ದೆ. ಇದನ್ನ ನೋಡು.”

ಪೇಮೆಂಟ್ ಕಂಪನಿಯ ದಾಖಲೆ ಪರದೆಯ ಮೇಲಿತ್ತು. ಬೆಳಿಗ್ಗೆ ೧೧:೧೦ಕ್ಕೆ ಕಾರ್ಡ್ ನಿರಾಕರಣೆ. ೧೧:೧೨ಕ್ಕೆ ಬೇರೆ ಕಾರ್ಡಿನಿಂದ ಹಣ ಸಂದಾಯ. ೧೧:೧೦ಕ್ಕೆ ಇವರ ಸರ್ವರ್ ಹೊಸ ಕೋಡಿಗಾಗಿ ಮರುಪ್ರಾರಂಭವಾಗುತ್ತಿತ್ತು; ‘ವಿಫಲ’ ಸಂದೇಶಕ್ಕೆ ‘ತಲುಪಿತು’ ಎಂಬ ಉತ್ತರ ಪೇಮೆಂಟ್ ಕಂಪನಿಗೆ ಸಿಗಲಿಲ್ಲ. ೧೧:೧೨ರ ‘ಬಂತು’ ಸರಿಯಾಗಿ ತಲುಪಿ ಸೀಟು ಖಾತ್ರಿಯಾಯಿತು. ಒಂದು ಗಂಟೆಯ ನಂತರ ಪೇಮೆಂಟ್ ಕಂಪನಿ ಹಳೆಯ ‘ವಿಫಲ’ವನ್ನು ಮತ್ತೆ ಕಳಿಸಿತು. ಅವಳ ಕೋಡ್ ಅದನ್ನೇ ಹೊಸ ಸುದ್ದಿ ಎಂದುಕೊಂಡು ಸೀಟು ಕಿತ್ತುಕೊಂಡಿತು. ಮೇಲ್ ಕಳಿಸಿ ಮುಗಿಸಿದ ಮೇಲೆ ಉತ್ತರ ಕೊಡುವಂತೆ ಬರೆದಿದ್ದರಿಂದ ಉತ್ತರ ತಡವಾಯಿತು. ತಲುಪಿಲ್ಲವೆಂದುಕೊಂಡು ಅದೇ ಸಂದೇಶ ಇನ್ನೊಮ್ಮೆ ಬಂತು, ಇನ್ನೊಂದು ಮೇಲ್ ಹೋಯಿತು.

“ಅವರು ಹೇಳಿದ್ದೆಲ್ಲ ನಿಜ,” ಎಂದಳು ನೀರಜಾ. ಮಿಥುನ್ ಡಾಕ್ಟರರ ಫೋನ್ ನಂಬರ್ ಹುಡುಕಿಕೊಟ್ಟ. ನಾನು ಹೇಳಿರಲಿಲ್ಲವೇ ಎಂದು ಕೇಳಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ.

ಅವಳೇ ಫೋನ್ ಮಾಡಿದಳು. ಹೆಸರು ಹೇಳಿದ ಕೂಡಲೇ ಅವರು ಕನ್ನಡಕ್ಕೆ ತಿರುಗಿದರು.

“ತಪ್ಪು ನಮ್ಮದೇ ಸರ್. ಕೋಡ್ ಬರೆದವಳು ನಾನು, ನಿಮ್ಮ ಕಾರ್ಡಿನ ಸಮಸ್ಯೆ ಅಂತ ಹೇಳಿದವಳೂ ನಾನೇ. ನಿಮ್ಮ ಫೀಸು ವಾಪಸ್ ಕಳಿಸ್ತಿದ್ದೀವಿ. ಮುಂದಿನ ಅಣಕು ಪರೀಕ್ಷೆಗೆ...”

“ನನ್ನ ನಿಜವಾದ ಪರೀಕ್ಷೆ ನಿನ್ನೆ ಆಯ್ತಮ್ಮ,” ಎಂದರು ಇಂದುಶೇಖರ. ದನಿಯಲ್ಲಿ ಸಿಟ್ಟಿರಲಿಲ್ಲ. “ಇಲ್ಲಿಯ ರೋಗಿಗಳ ಜೊತೆ ಮಾತಾಡಿ ನನಗೆ ರೂಢಿಯಿಲ್ಲ. ಆ ಒಂದು ದಿನ ಬೇಕಾಗಿತ್ತು. ಮೂರನೇ ಮೇಲ್ ಬರೆಯುವಾಗ ನಾನೇ ಏನಾದರೂ ತಪ್ಪು ಮಾಡಿದೆನಾ ಅಂತ ಅನ್ನಿಸಿಬಿಟ್ಟಿತ್ತು.”

ಆ ವಾರ ಅವಳು ಕೋಡನ್ನು ಹೊಸದಾಗಿ ಬರೆದಳು. ಸಂದೇಶವನ್ನು ದಾಖಲಿಸಿಕೊಂಡು ತಕ್ಷಣ ಉತ್ತರ, ಕೆಲಸ ಆಮೇಲೆ. ಪ್ರತಿ ಸಂದೇಶದ ಗುರುತಿನ ಸಂಖ್ಯೆ ಒಮ್ಮೆ ಮಾತ್ರ ದಾಖಲಾಗುವಂತೆ ಡೇಟಾಬೇಸಿನಲ್ಲೇ ಕಟ್ಟುಪಾಡು. ಎರಡನೆಯದು ಬಂದರೆ ಸುಮ್ಮನೆ ಪಕ್ಕಕ್ಕೆ. ಸಂದೇಶದ ಮಾತನ್ನೇ ನಂಬದೆ, ಸೀಟು ಮುಟ್ಟುವ ಮೊದಲು ಈ ಪೇಮೆಂಟಿನ ಸ್ಥಿತಿ ಈಗ ಏನೆಂದು ಪೇಮೆಂಟ್ ಕಂಪನಿಯನ್ನೇ ಕೇಳುವುದು. ಮಿಥುನ್ ಹಳೆಯ ಸಂದೇಶಗಳನ್ನು ಹಿಂದುಮುಂದಾಗಿ, ಎರಡೆರಡು ಸಲ ಕಳಿಸಿ ನೋಡಿದ. ಯಾರ ಸೀಟೂ ಅಲುಗಲಿಲ್ಲ. ಎಲ್ಲ ಸೇರಿ ಎರಡು ದಿನದ ಕೆಲಸ.

ಇಂದುಶೇಖರ ಆ ಸಲ ನಾಲ್ಕು ಅಂಕಗಳಿಂದ ಫೇಲಾದರು. ಆಗಸ್ಟಿನಲ್ಲಿ ನಾಟಿಂಗ್‌ಹ್ಯಾಮ್‌ನ ಆಸ್ಪತ್ರೆಯೊಂದರಲ್ಲಿ ಸಿಗಬೇಕಿದ್ದ ಕೆಲಸ ಬೇರೆಯವರಿಗೆ ಹೋಯಿತು. ಚಳಿಗಾಲದಲ್ಲಿ ಪಾಸಾದಾಗ ಕೆಲಸ ಸಿಕ್ಕಿದ್ದು ಲೀಡ್ಸ್‌ನಲ್ಲಿ. ಹೆಂಡತಿ ಉಮಾ ನಾಟಿಂಗ್‌ಹ್ಯಾಮ್‌ನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದರು, ಮಗಳ ಶಾಲೆಯೂ ಅಲ್ಲೇ. ಆಸ್ಪತ್ರೆಯ ಪಾಳಿಪಟ್ಟಿ ಬಿಡುವು ಕೊಟ್ಟ ವಾರಾಂತ್ಯದಲ್ಲಿ ಮಾತ್ರ ಮನೆ. ಇದನ್ನೆಲ್ಲ ಪಾಸಾದ ಸುದ್ದಿ ತಿಳಿಸಿ ಅವರೇ ಮೇಲ್ ಬರೆದಿದ್ದರು, ನಿಮ್ಮ ಪಾಠಗಳು ಚೆನ್ನಾಗಿದ್ದವು ಎಂಬ ಮಾತೂ ಇತ್ತು.

ಆ ಒಂದು ಶನಿವಾರ ಸಿಕ್ಕಿದ್ದರೆ ನಾಲ್ಕು ಅಂಕ ಬರುತ್ತಿದ್ದವೋ ಇಲ್ಲವೋ, ಯಾರಿಗೆ ಗೊತ್ತು. ನೀರಜಾ ಉತ್ತರ ಬರೆಯಲು ಕೂತು, ಅಭಿನಂದನೆಗಳು ಸರ್ ಎಂದು ಬರೆದು, ಮುಂದೇನು ಬರೆಯಬೇಕೆಂದು ತೋಚದೆ ಅಷ್ಟನ್ನೇ ಕಳಿಸಿದಳು.