ಖಾಲಿ ಬಿಡಬಾರದ ಕಾಲಂ

ನನಗೆ ಸಿಟ್ಟು ಬೇಗ ಬರುತ್ತದೆ ಎನ್ನುವುದು ಕೂಡ್ಲಿಗಿಯ ಅರ್ಧ ಜನಕ್ಕೆ ಗೊತ್ತು. ಉಳಿದ ಅರ್ಧ ಜನ ಇನ್ನೂ ನಮ್ಮ ಆಫೀಸಿಗೆ ಬಿಲ್ಲು ತಂದಿಲ್ಲ, ಅಷ್ಟೇ. ನಾನು ದುರ್ಗಾದೇವಿ. ರೈತರೇ ಸೇರಿ ಕಟ್ಟಿಕೊಂಡ ಕಂಪನಿಯಲ್ಲಿ ಕಂಪ್ಯೂಟರ್ ಆಪರೇಟರ್. ಹೆಸರಿಗೆ ಆಪರೇಟರ್, ಮಾಡುವುದು ಮಾತ್ರ ಬೈಗುಳ ತಿನ್ನುವುದರಿಂದ ಹಿಡಿದು ಪ್ರಿಂಟರ್ ರಿಪೇರಿ ಮಾಡುವವರೆಗೆ ಎಲ್ಲ.

ಈ ಸಲ ಮುಂಗಾರು ಹದವಾಗಿಯೇ ಬಂತು. ಆದರೆ ಹಲವರ ಹೊಲದಲ್ಲಿ ಬಿತ್ತಿದ ಮೆಕ್ಕೆಜೋಳ ಹುಟ್ಟಲೇ ಇಲ್ಲ. ಕೊಟ್ಟೂರಿನ ಒಬ್ಬರು ಉಳಿದ ಬೀಜ ತಂದು ಕೃಷಿ ಇಲಾಖೆಯಲ್ಲಿ ಪರೀಕ್ಷೆ ಮಾಡಿಸಿದರು. 4471 ಅನ್ನುವ ಲಾಟ್ ಕೆಟ್ಟಿದೆ ಎಂದು ತಿಳಿಯಿತು. ಲಾಟ್ ಎಂದರೆ ಒಟ್ಟಿಗೆ ತಯಾರಾಗಿ ಪ್ಯಾಕ್ ಆದ ಬೀಜಕ್ಕೆ ಹಾಕುವ ಒಂದೇ ನಂಬರ್. ಬೀಜದ ಕಂಪನಿಯವರು ತಕರಾರಿಲ್ಲದೆ ಒಪ್ಪಿದರು: ಆ ಲಾಟ್ ಕೊಂಡವರಿಗೆಲ್ಲ ಬದಲಿ ಬೀಜ. ಯಾರು ಕೊಂಡಿದ್ದಾರೆ ಎನ್ನುವ ಪಟ್ಟಿ ಮಾತ್ರ ಶುಕ್ರವಾರ ಸಂಜೆ ಐದರೊಳಗೆ ಬರಬೇಕು. ಹದಿನೈದು ದಿನದೊಳಗೆ ಮತ್ತೆ ಬಿತ್ತದಿದ್ದರೆ ಬದಲಿ ಬೀಜ ಬಂದೂ ಉಪಯೋಗವಿಲ್ಲ.

ಪಟ್ಟಿಯ ನಮೂನೆಯಲ್ಲಿ ಎಂಟು ಕಾಲಂ. ರೈತರ ಹೆಸರು, ಊರು, ಅಂಗಡಿ, ಬಿಲ್ ನಂಬರ್, ತಾರೀಖು, ತಳಿ, ಲಾಟ್ ನಂಬರ್, ಪಾಕೀಟು. ಕೆಳಗೆ ದಪ್ಪ ಅಕ್ಷರದಲ್ಲಿ, "ಎಲ್ಲ ಕಾಲಂ ಕಡ್ಡಾಯ." ನನ್ನ ವಾಟ್ಸಾಪಿಗೆ ಬಂದ ಬಿಲ್ಲಿನ ಫೋಟೋ ಅರವತ್ತಮೂರು. ಕೆಲವು ಕಂಪ್ಯೂಟರ್ ಪ್ರಿಂಟು, ಕೆಲವು ಕಾರ್ಬನ್ ಕಾಪಿ, ಒಂದಷ್ಟು ಎಲೆಅಡಿಕೆ ಬಣ್ಣ ಹತ್ತಿದವು. ಒಂದರ ಮೇಲೆ ಯಾರದೋ ಹೆಬ್ಬೆರಳು.

ಗುರುವಾರ ಬೆಳಿಗ್ಗೆ ಕೈಯಲ್ಲೇ ಬರೆಯಲು ಕುಳಿತೆ. ಏಳು ಬಿಲ್ಲಿಗೇ ತಲೆ ಕೆಟ್ಟಿತು. ಸರಿ, ಎಐ ಕೈಗೆ ಕೊಡೋಣ ಎಂದು ಫೋಟೋ ಹಾಕಿ, "ಇದರಿಂದ ಟೇಬಲ್ ಮಾಡು" ಎಂದೆ. ಮಾಡಿತು ಪುಣ್ಯಾತ್ಮ! ಒಂದು ಸಲ ಆರು ಕಾಲಂ, ಇನ್ನೊಂದು ಸಲ ಒಂಬತ್ತು. 12/6 ಎಂದರೆ ಒಮ್ಮೆ ಜೂನ್ ಹನ್ನೆರಡು, ಇನ್ನೊಮ್ಮೆ ಡಿಸೆಂಬರ್ ಆರು, ಅದರ ಮನಸ್ಸಿಗೆ ಬಂದಂತೆ. "4 ಕೆಜಿ x 3" ಎಂದಿದ್ದರೆ ಪಾಕೀಟು ಹನ್ನೆರಡು ಎಂದು ಬರೆದಿತ್ತು. ನಾನು ಕಂಪ್ಯೂಟರಿಗೇ ಬೈದೆ.

ಆಮೇಲೆ ತಣ್ಣಗಾಗಿ ಕುಳಿತು ಯೋಚಿಸಿದೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾವು ಏನು ಮಾಡುತ್ತೇವೆ? ಎರಡು ಮೂರು ನಾವೇ ಮಾಡಿ ತೋರಿಸುತ್ತೇವೆ, ಹೀಗೆ ಮಾಡಪ್ಪ ಎನ್ನುತ್ತೇವೆ. ಹಾಗೇ ಮಾಡಿದೆ. ಎಂಟು ಕಾಲಂ ಇದೇ ಕ್ರಮದಲ್ಲಿ, ಹೆಚ್ಚು ಕಡಿಮೆ ಬೇಡ ಎಂದು ಬರೆದೆ. ಕೆಳಗೆ ಮೂರು ಮಾದರಿ ಕೊಟ್ಟೆ: ಬಿಲ್ಲಿನಲ್ಲಿ ಹೀಗಿದೆ, ಸಾಲು ಹೀಗಿರಬೇಕು. ತಾರೀಖು ದಿನ-ತಿಂಗಳು-ವರ್ಷ. "4 ಕೆಜಿ x 3" ಇದ್ದರೆ ಪಾಕೀಟು ಮೂರು. ಮಾದರಿಗೆ ಆರಿಸಿದ್ದು ಕೊಟ್ಟೂರಿನ ಅಂಗಡಿಯ ಮೂರು ಪ್ರಿಂಟ್ ಬಿಲ್ಲು. ಅಚ್ಚುಕಟ್ಟು, ಓದಲು ಸಲೀಸು, ಅದಕ್ಕೆ. ಕೊನೆಗೆ ನಮೂನೆಯಲ್ಲಿದ್ದ ದಪ್ಪ ಅಕ್ಷರ ನೆನಪಾಗಿ ನಾನೇ ಸೇರಿಸಿದೆ: "ಯಾವ ಕಾಲಂ ಅನ್ನೂ ಖಾಲಿ ಬಿಡಬಾರದು." ಒಂದು ಮನೆ ಖಾಲಿ ಇದ್ದರೆ ಫೈಲು ವಾಪಸ್ ಬರುತ್ತದೆ ಎನ್ನುವುದು ಇಲ್ಲಿ ಕೆಲಸ ಮಾಡುವ ಯಾರಿಗೆ ಗೊತ್ತಿಲ್ಲ ಹೇಳಿ.

ಹತ್ತು ಹತ್ತು ಫೋಟೋ ಹಾಕುತ್ತಾ ಹೋದೆ. ಅಬ್ಬಬ್ಬಾ! ಅರವತ್ತಮೂರು ಸಾಲು, ಎಂಟು ಕಾಲಂ, ತಾರೀಖು ಸಾಲಾಗಿ ನಿಂತಿವೆ. ನಮ್ಮ ಮ್ಯಾನೇಜರ್ ಸೋಮಶೇಖರ್ ಬಗ್ಗಿ ನೋಡಿ, "ಮೇಡಂ, ಒಂದು ಮನಿನೂ ಖಾಲಿ ಇಲ್ಲಲ್ರೀ!" ಎಂದರು. ಅವರು ಹೊಗಳಿದ್ದು ಮೂರು ವರ್ಷದಲ್ಲಿ ಅದೇ ಮೊದಲು. ಖುಷಿಗೆ ನಾನೇ ಎಲ್ಲರಿಗೂ ಚಹಾ ತರಿಸಿದೆ.

ಚಹಾ ಕುಡಿಯುವಾಗಲೇ ನಮ್ಮ ಸಣ್ಣವ್ವ ಬಂದಳು. ಹುಲುಗಮ್ಮ, ನಮ್ಮವ್ವನ ಕಡೇ ತಂಗಿ. ಕಾನಹೊಸಹಳ್ಳಿ ಹತ್ತಿರ ಅವಳಿಗೆ ಮೂರು ಎಕರೆ. ಅಷ್ಟೂ ಈಗ ಬರೀ ನೆಲ. ತನ್ನ ಹೆಸರು ಪಟ್ಟಿಯಲ್ಲಿ ಇದೆಯೋ ಇಲ್ಲವೋ ಕಣ್ಣಾರೆ ನೋಡಲು ಬಸ್ಸು ಹತ್ತಿ ಬಂದಿದ್ದಳು.

"ಕುಂತ್ಕ ಸಣ್ಣವ್ವ, ಓದ್ತೀನಿ ಕೇಳು" ಎಂದು ಬೀಗುತ್ತಾ ಅವಳ ಸಾಲು ಓದಿದೆ. "ಲಾಟ್ ನಂಬರ್ ನಾಲ್ಕು ನಾಲ್ಕು ಏಳು ಒಂದು. ನಿನ್ನ ಬೀಜ ಗ್ಯಾರಂಟಿ ಬರ್ತೈತಿ."

ಸಣ್ಣವ್ವ ಲೋಟ ಕೆಳಗಿಟ್ಟಳು. "ಅಷ್ಟೆಲ್ಲ ಎಲ್ಲಿ ಬರದಾನ ಲೇ ಆ ಅಂಗಡಿಯಾಂವ? ಎರಡು ಗೆರಿ ಗೀಚಿ ಕೊಟ್ಟಾನ, ನೋಡಿಲ್ಲಿ." ಸೆರಗಿನ ಗಂಟಿನಿಂದ ಬಿಲ್ಲು ತೆಗೆದಳು. ಹೆಸರು, ತಾರೀಖು, ತಳಿ, ಆರು ಪಾಕೀಟು. ಲಾಟ್ ಎನ್ನುವ ಜಾಗ ಬೋಳು.

4471 ಎಲ್ಲಿಂದ ಬಂತು? ಹುಡುಕಿದೆ. ನಾನು ಕೊಟ್ಟ ಮೊದಲ ಮಾದರಿಯ ಲಾಟ್ ನಂಬರ್ ಅದು! ಮೂರೂ ಮಾದರಿಯಲ್ಲಿ ಲಾಟ್ ಇತ್ತು, ಇಲ್ಲದ ಬಿಲ್ಲು ಹೇಗಿರುತ್ತದೆ ಎಂದು ನಾನು ತೋರಿಸಿಯೇ ಇರಲಿಲ್ಲ. ಮೇಲೆ, ಖಾಲಿ ಬಿಡಬೇಡ ಎಂಬ ಅಪ್ಪಣೆ ಬೇರೆ. ಪಾಪ, ಅದು ತುಂಬಿತು. ಒಂದೊಂದೇ ಫೋಟೋ ತೆಗೆದು ಸಾಲಿನ ಜೊತೆ ಹೋಲಿಸಿದೆ. ಐವತ್ತೆರಡು ಸಾಲು ಸರಿ. ಹನ್ನೊಂದು ಸಾಲಿನಲ್ಲಿ ಲಾಟ್ ನಂಬರ್ ಸುಳ್ಳು. ಹನ್ನೊಂದೂ ಕಾನಹೊಸಹಳ್ಳಿಯ ಒಂದೇ ಅಂಗಡಿಯ ಕೈಬರಹದ ಬಿಲ್ಲುಗಳು.

ಸೋಮಶೇಖರ್ ಮೆಲ್ಲಗೆ ಕೆಮ್ಮಿದರು. "ಮೇಡಂ, ಅವರದೂ ಹುಟ್ಟಿಲ್ಲಲ್ರೀ. ಕೆಟ್ಟ ಲಾಟೇ ಇರಬೇಕು. ಹೆಂಗೂ ಬಂದೈತಿ, ಇರ್ಲಿ ಬಿಡ್ರಿ."

"ಬಿಡು ಲೇ ದುರ್ಗಿ" ಎಂದಳು ಸಣ್ಣವ್ವ. "ಮಿಷಿನ್ನು ಬರದದ್ದು. ನೀನೇನು ಬರದೀಯೇನು?"

ಸುಳ್ಳು ಯಾಕೆ ಹೇಳಲಿ, ನನಗೂ ಆಸೆಯಾಯಿತು. ಅವ್ವ ಹೋದ ಮೇಲೆ ನನಗೆ ಉಂಡೆಯಾ ಎಂದು ಕೇಳುವವಳು ಇವಳೊಬ್ಬಳೇ. ಅವಳ ಮೂರು ಎಕರೆ ಹಸಿರಾಗುವುದಾದರೆ ನಾಲ್ಕು ಅಂಕಿ ಯಾವ ಲೆಕ್ಕ? ಆದರೆ ಬಿಲ್ಲು ಮುಂದಿದೆ, ಅದರಲ್ಲಿ ಆ ಅಂಕಿ ಇಲ್ಲ. ಕೆಳಗೆ ಸಹಿ ಹಾಕುವವಳು ನಾನು. ಗೊತ್ತಿದ್ದೂ ಹಾಗೇ ಕಳಿಸುವುದು ನನ್ನಿಂದಾಗಲಿಲ್ಲ.

ಅಪ್ಪಣೆಯ ಆ ಸಾಲು ಕಿತ್ತು ಹಾಕಿದೆ. "ಬಿಲ್ಲಿನಲ್ಲಿ ಕಂಡದ್ದನ್ನು ಮಾತ್ರ ಬರೆ. ಊಹಿಸಬೇಡ" ಎಂದು ಸೇರಿಸಿದೆ. ಮಾದರಿಗೆ ಇನ್ನೆರಡು ಬಿಲ್ಲು ಕೊಟ್ಟೆ, ಈ ಸಲ ಗಲೀಜು ಬಿಲ್ಲುಗಳನ್ನೇ ಆರಿಸಿ. ಒಂದರಲ್ಲಿ ಲಾಟ್ ಇಲ್ಲ, ಸಾಲಿನಲ್ಲಿ "ಬಿಲ್ಲಿನಲ್ಲಿ ಇಲ್ಲ" ಎಂದು ಬರೆದು ತೋರಿಸಿದೆ. ಇನ್ನೊಂದು ಹೋದ ವರ್ಷದ ಹಳೇ ಬಿಲ್ಲು, ಅದರ ನಂಬರ್ ಮೇಲೆ ಎಣ್ಣೆ ಬಿದ್ದಿತ್ತು, ಅಲ್ಲಿ "ಓದಲು ಬರುತ್ತಿಲ್ಲ". ಮತ್ತೆ ಅರವತ್ತಮೂರನ್ನೂ ಓಡಿಸಿದೆ. ಹನ್ನೊಂದು ಸಾಲಿನಲ್ಲಿ ಲಾಟ್ ಕಾಲಂ "ಬಿಲ್ಲಿನಲ್ಲಿ ಇಲ್ಲ" ಎಂದಿತು. ಈ ಸಲವೂ ನಂಬದೆ, ಒಂದೊಂದನ್ನೂ ಫೋಟೋ ಜೊತೆ ಹೋಲಿಸಿದೆ.

ಸಣ್ಣವ್ವ ಪರದೆ ನೋಡುತ್ತಾ ಕುಳಿತಿದ್ದಳು. "ಇದ್ದದ್ದನ್ನ ತಗದಿಯಲ್ಲ" ಎಂದಳು. ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ.

"ಬಿಲ್ಲಿನ್ಯಾಗ ಇಲ್ಲಂದ್ರ ಪಾಕೀಟಿನ ಮ್ಯಾಲೆ ಇರ್ತೈತಿ. ಖಾಲಿ ಪಾಕೀಟು ಎಲ್ಲಿಟ್ಟೀಯ? ಮನಿಗೆ ಫೋನ್ ಮಾಡು!" ಎಂದು ಕೂಗಿದೆ.

ಮನೆಯಲ್ಲಿದ್ದ ಅವಳ ಸೊಸೆ ಕ್ರಾಂತಿ ಅರ್ಧ ಗಂಟೆ ಹುಡುಕಿ, ಬಚ್ಚಲ ಕಿಟಕಿಗೆ ಸಿಕ್ಕಿಸಿದ್ದ ಪಾಕೀಟು ತೆಗೆದು ಒರೆಸಿ ಫೋಟೋ ಕಳಿಸಿದಳು. ನಾನು ದೊಡ್ಡದು ಮಾಡಿ ನೋಡಿದೆ. 5208.

ಪರೀಕ್ಷೆಯಲ್ಲಿ ಕೆಟ್ಟದ್ದೆಂದು ಬಂದದ್ದು 4471, ಬದಲಿ ಬೀಜ ಅದಕ್ಕೆ ಮಾತ್ರ. ನಾನು ಅವಳ ಸಾಲಿನಲ್ಲಿ 5208 ಎಂದು ಟೈಪ್ ಮಾಡಿದೆ.

"ಸ್ವಂತ ಅಕ್ಕನ ಮಗಳು" ಎಂದಷ್ಟೇ ಹೇಳಿ ಸಣ್ಣವ್ವ ಎದ್ದು ಹೋದಳು. ಚಹಾ ಅರ್ಧ ಉಳಿದಿತ್ತು.

ಉಳಿದ ಹತ್ತು ಜನಕ್ಕೂ ಫೋನ್ ಮಾಡಿದೆ. ಜಂಬುನಾಥ ಎನ್ನುವವನು, "ಬಿಲ್ಲು ಕೊಟ್ಟೀನಿ, ಈಗ ಚೀಲನೂ ಬೇಕೇನ್ರಿ, ನಾಳೆ ಹೊಲನೂ ತರ್ಲೇನ್ರಿ?" ಎಂದು ರೇಗಿದ. ನಾನೂ ಸರಿಯಾಗಿ ತಿರುಗಿಸಿ ಕೊಟ್ಟೆ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಎಂಟು ಜನ ಪಾಕೀಟಿನ ಫೋಟೋ ಕಳಿಸಿದರು, ಅವನೂ ಸೇರಿ. ಮೊದಲನೆಯದು 5208. ಎರಡನೆಯದು 5208. ಐದನೆಯದಕ್ಕೆ ನಾನು ಕುರ್ಚಿ ಬಿಟ್ಟು ಎದ್ದು ನಿಂತೆ. ಸಣ್ಣವ್ವನದೂ ಸೇರಿ ಒಂಬತ್ತಕ್ಕೆ ಒಂಬತ್ತೂ ಅದೇ ಲಾಟ್, ಒಂದೂ ಹುಟ್ಟಿಲ್ಲ. ಕೆಟ್ಟ ಲಾಟ್ ಒಂದಲ್ಲ, ಎರಡು! ಪಾಕೀಟು ಸಿಗದ ಇಬ್ಬರ ಸಾಲನ್ನು "ಬಿಲ್ಲಿನಲ್ಲಿ ಇಲ್ಲ" ಎಂದೇ ಬಿಟ್ಟು, ಪಟ್ಟಿಯ ಜೊತೆ, 5208 ಲಾಟನ್ನೂ ಪರೀಕ್ಷೆ ಮಾಡಿಸಿ ಎಂದು ಒಂದು ಪತ್ರ ಬರೆದು ನಾಲ್ಕೂವರೆಗೆ ಕಳಿಸಿದೆ. ಜಂಬುನಾಥನ ಪಾಕೀಟಿನಲ್ಲಿ ಉಳಿದಿದ್ದ ಬೀಜ ಪರೀಕ್ಷೆಗೆ ಹೋಯಿತು. ನೂರು ಕಾಳಿನಲ್ಲಿ ಮೊಳೆತದ್ದು ಮೂರೇ ಮೂರು. ಆ ಲಾಟಿಗೂ ಬದಲಿ ಬೀಜ ಕೊಡಲು ಕಂಪನಿಯವರು ಒಪ್ಪಿದರು.

ಮುಂದಿನ ವಾರದ ಕೊನೆಗೆ ಪಟ್ಟಿ ತಾಳೆ ನೋಡಲು ರೈತ ಸಂಪರ್ಕ ಕೇಂದ್ರದಲ್ಲಿ ಕೃಷಿ ಅಧಿಕಾರಿಯ ಮುಂದೆ ಸೇರಿದೆವು. ಸಣ್ಣವ್ವ ಬಾಗಿಲ ಬಳಿ ಕುಳಿತಿದ್ದಳು. ಎಂಟು ದಿನದಿಂದ ನನ್ನ ಫೋನ್ ಎತ್ತಿರಲಿಲ್ಲ, ಇವತ್ತೂ ಮುಖ ಆ ಕಡೆ. ಬೀಜದ ಕಂಪನಿಯವರು ಒಂದೊಂದು ಅಂಗಡಿಗೂ ಯಾವ ಲಾಟ್ ಹೋಗಿದೆ ಎನ್ನುವ ಪುಸ್ತಕ ತಂದಿದ್ದರು. ಇಸ್ತ್ರಿ ಅಂಗಿಯ ಅವರ ಮನುಷ್ಯ ಒಂದೊಂದು ಸಾಲಿಗೂ ಪುಸ್ತಕ ತಾಳೆ ನೋಡಿ ಗುರುತು ಹಾಕುತ್ತಿದ್ದ.

ಕಾನಹೊಸಹಳ್ಳಿ ಬರುತ್ತಲೇ ಅವನ ಪೆನ್ನು ನಿಂತಿತು. "ಸರ್, ಈ ಅಂಗಡಿಗೆ ನಾವು 4471 ಒಂದು ಪಾಕೀಟೂ ಕೊಟ್ಟಿಲ್ಲ. ಇಲ್ಲಿ ಯಾರಾದ್ರೂ ಅದನ್ನ ಬರೆಸಿದ್ರೆ ಬೋಗಸ್, ಹೊಡೆದು ಹಾಕ್ತೀನಿ" ಎಂದ. ಹಾಳೆ ಹತ್ತಿರ ಹಿಡಿದ. ಹುಲುಗಮ್ಮ, ಆರು ಪಾಕೀಟು, 5208. ಪುಸ್ತಕ ನೋಡಿದ. ಗುರುತು ಹಾಕಿದ. ಕೆಳಗಿನ ಎಂಟಕ್ಕೂ ಹಾಕಿದ. ಆ ಅಂಗಡಿಗೆ ಹೋದ ಲಾಟೇ ಅದೊಂದು ಎಂದು ಪುಸ್ತಕ ನೋಡಿ ಉಳಿದ ಇಬ್ಬರಿಗೂ ಅವನೇ 5208 ಬರೆದುಕೊಂಡ.

"ಯಾರ್ರೀ ಈ ಪಟ್ಟಿ ಮಾಡಿದ್ದು?" ಎಂದು ಅಧಿಕಾರಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿಯಿಂದ ದನಿ ಬಂತು, ಇಡೀ ಕೇಂದ್ರಕ್ಕೆ ಕೇಳುವ ಹಾಗೆ.

"ನಮ್ಮ ಅಕ್ಕನ ಮಗಳ್ರೀ!"