ಜಕ್ಕಿಯಬ್ಬೆಗೆ ಕೊಟ್ಟದ್ದು

ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಯಾರೋ ಬಣ್ಣದ ಖಾಲಿ ಡಬ್ಬಿ ಇಟ್ಟಿದ್ದಾರೆ, ಟಪ್, ಟಪ್, ಹೊರಗೆ ಬಹ್ರೇನಿನ ಮನಾಮದ ನವೆಂಬರ್ ಬಿಸಿಲು, ಒಳಗೆ ಶಾಯಿಯ ವಾಸನೆ, ಎದುರಿಗೆ ಕಂಪ್ಯೂಟರಿನ ಪರದೆಯ ತುಂಬ ನನ್ನದೇ ಬರಹ, ಅಲ್ಲ, ನನ್ನದಲ್ಲ, ನಾಲ್ಕು ತಿಂಗಳು ಕೂತು ನಾನು ಬರೆದದ್ದು ಇದಲ್ಲ — ಜಕ್ಕಿಯಬ್ಬೆ, ನಾಗರಖಂಡದ ನಾಳ್ಗಾವುಂಡರ ಧರ್ಮಪತ್ನಿ — ಧರ್ಮಪತ್ನಿಯಂತೆ, ಸಾವಿರದ ನೂರು ವರ್ಷ ಶಾಸನದ ಕಲ್ಲಿನ ಮೇಲೆ ನಿಂತವಳನ್ನು ಒಂದೇ ರಾತ್ರಿಯಲ್ಲಿ ಅಡುಗೆಮನೆಗೆ ಕಳಿಸಿದ್ದಾರೆ. ದಾಸಪ್ಪನವರು ತಿದ್ದಿ ಕಳಿಸಿದ್ದು ಅಕ್ಕ, ಅನ್ನುತ್ತಾನೆ ರೊಕಿ, ಈ ಪ್ರೆಸ್ಸು ನಡೆಸುವವನು, ಬಂಟ್ವಾಳದವನು, ಪಾಪ, ಅವನಿಗೇನು ಗೊತ್ತು, ನೀವೊಂದು ಸೈನ್ ಹಾಕಿದ್ರೆ ಈಗಲೇ ಮಿಶಿನಿಗೆ ಬಿಡ್ತೇನೆ, ನಾಳೆ ಶುಕ್ರವಾರ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹಾಲ್‌ನಲ್ಲಿ ನೇತು ಹಾಕ್ಬೇಕಲ್ಲ. ಹನ್ನೆರಡು ಫಲಕ, 'ನಮ್ಮ ನಾಡಿನ ಹಳೆಯ ವ್ಯಾಪಾರ ವ್ಯವಹಾರ', ಸಂಘದ ಅಧ್ಯಕ್ಷರು ದಾಸಪ್ಪ, ಅವರ ಕೈಕೆಳಗೇ ಸೀಫ್ ಬಡಾವಣೆಯ ಆಫೀಸಿನಲ್ಲಿ ನನ್ನ ಗಂಡ ಅಮೋಘ, ಅಮೋಘನ ಕಾಂಟ್ರಾಕ್ಟು ಮುಂದಿನ ತಿಂಗಳು ಮುಗಿಯುತ್ತದೆ, ಅದನ್ನು ಮುಂದುವರಿಸುವವರೂ ಅವರೇ. ಹಾಗಾಗಿ ಈ ಸಹಿ ಬರೀ ಸಹಿಯಲ್ಲ.

ಜಕ್ಕಿಯಬ್ಬೆಯ ಗಂಡ, ಸತ್ತರಸ ಎಂಬವನು, ತೀರಿಕೊಂಡ, ನಾಳ್ಗಾವುಂಡಿಕೆಯನ್ನು ದೊರೆ ಅವಳಿಗೆ ಕೊಟ್ಟ — ಅವಳಿಗೆ, ಈ 'ಗೆ' ಒಂದಕ್ಕಾಗಿ ನಾನು ದಾಸಪ್ಪನವರ ಜೊತೆ ಫೋನಿನಲ್ಲಿ ಅರ್ಧ ಗಂಟೆ ಬಾಯಿ ನೋಯಿಸಿಕೊಂಡೆ. ನಾಳ್ಗಾವುಂಡು ಅಂದರೆ ಪದವಿ ಸಾರ್, ಗೌಡತಿ ಅಂತ ಅಲ್ಲ, ಹಳ್ಳಿಗಳಿಂದ ತೆರಿಗೆಯ ಭತ್ತ ಎತ್ತಿಸುವುದು, ಅರಮನೆಯ ಪಾಲು ಅಳೆದು ಕಳಿಸುವುದು, ಕೆರೆಯ ತೂಬು ಒಡೆದರೆ ಆಳು ಕೂಡಿಸುವುದು, ಗದ್ದೆಯ ಗಡಿಕಲ್ಲಿಗೆ ಜಗಳ ಬಂದರೆ ಹೋಗಿ ನಿಂತು ಬಗೆಹರಿಸುವುದು, ದಾನಕ್ಕೆ ಸಾಕ್ಷಿಯಾಗುವುದು, ಇಷ್ಟೂ ಅವಳು ಮಾಡಿದಳು, ನಾಗರಖಂಡದ ಎಪ್ಪತ್ತು ಹಳ್ಳಿಗಳ ಮೇಲೆ ಕೂತು ಮಾಡಿದಳು, ಬಸದಿಗೆ ತಾನೇ ಗದ್ದೆ ಬಿಟ್ಟಳು, ಕಾಯಿಲೆ ಬಿದ್ದಾಗ ಮಗಳನ್ನು ಕರೆಸಿ ಎಲ್ಲವನ್ನೂ ಒಪ್ಪಿಸಿ ಬಂದಣಿಕೆಯಲ್ಲಿ ಉಪವಾಸವಿದ್ದು ಕಣ್ಣು ಮುಚ್ಚಿದಳು. ಅದಕ್ಕೆ ಅವರು, ನೋಡಿ ಮೇಡಂ, ಆ ಕಾಲದಲ್ಲಿ ಹೆಂಗಸ್ರು ಆಳ್ತಿದ್ರು ಅಂದ್ರೆ ಜನ ನಗ್ತಾರೆ, ಗೌಡ್ತಿ ಅಂದ್ರೂ ಗೌರವಾನೇ ಅಲ್ವಾ. ನಗುವವರು ನಗಲಿ, ಕಲ್ಲು ಕೊರೆಸಿದವನೇ ಹೆಣ್ಣಾದರೂ ನಾಡನ್ನು ಚೆನ್ನಾಗಿ ಕಾಪಾಡಿದಳು ಅಂತ ಕೊರೆಸಿದ್ದಾನೆ, ಆ 'ಆದರೂ' ನೋಡಿದರೇ ನನಗೆ ಮೈ ಉರಿಯುತ್ತದೆ, ಆದರೂ ಅವನು ಹೆಸರು ಬಿಡಲಿಲ್ಲ, ಕೆಲಸ ಬಿಡಲಿಲ್ಲ, ಇವರು ಎರಡನ್ನೂ ನುಂಗಿದರು. ಮುಂದಿನ ಫಲಕ ತೋರಿಸು ರೊಕಿ. ಮಹಾಕೂಟದ ಕಂಬ, ಅಲ್ಲಿ ವಿನಾಪೋಟಿ ಎಂಬ ಸೂಳೆ ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿ ಬೆಳ್ಳಿಯ ಕೊಡೆ ಏರಿಸಿ ಹೊಲ ಬಿಟ್ಟಿದ್ದಾಳೆ, ತಾಯಿ ಅಜ್ಜಿಯರ ಹೆಸರು ಸಮೇತ ಕೆತ್ತಿಸಿದ್ದಾಳೆ, ಗುಡಿಗೆ ಹೊಲ ಬಿಡಬೇಕಾದರೆ ಹೊಲ ಅವಳದಾಗಿರಬೇಕು ತಾನೆ, ಇಷ್ಟೇ ನಾನು ಬರೆದದ್ದು — ಈಗ ಅಲ್ಲಿ 'ಭಕ್ತಾದಿಗಳು ದಾನ ನೀಡಿದರು'. ಮಕ್ಕಳು ಬರ್ತಾರೆ ಮೇಡಂ, ಆ ಪದ ಯಾಕೆ, ಅಂದಿದ್ದರು ದಾಸಪ್ಪ. ಕೊಟ್ಟದ್ದು ಬೇಕು, ಕೊಟ್ಟವಳು ಬೇಡ.

ಮಗ್ಗದ ಫಲಕದಲ್ಲಿ ಒಬ್ಬ ನೇಕಾರ, ಬರೀ ಮೈ, ಕೈಯಲ್ಲಿ ಲಾಳಿ, ಒಳ್ಳೆಯ ಚಿತ್ರವೇ, ಆದರೆ ಅವನ ಹಿಂದೆ ನಾನು ಹೇಳಿ ಬರೆಸಿದ್ದ ಐದು ಹೆಂಗಸರು ಎಲ್ಲಿ? ಜಾಗ ಸಾಲಲಿಲ್ಲವಂತೆ. ಗುಳೇದಗುಡ್ಡದ ನಮ್ಮಜ್ಜಿ ಇದನ್ನು ನೋಡಬೇಕಿತ್ತು, ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತಿ ಸುತ್ತಿ ಬೆರಳ ತುದಿ ಕಲ್ಲಾದವಳು, ಗಂಡಸು ಲಾಳಿ ಹೊಡೀತಾನ, ಲಾಳಿಗೆ ನೂಲು ಉಣಸಾಕಿ ಯಾರವ್ವ, ಅನ್ನುತ್ತಿದ್ದಳು. ಗಿರಣಿ ನೂಲು ಬರುವ ಮುಂಚೆ ಒಂದು ಮಗ್ಗ ನಿಲ್ಲದೆ ಓಡಬೇಕಾದರೆ ನಾಲ್ಕೈದು ಜನ ಹೆಂಗಸರು ಹತ್ತಿ ಹಿಂಜಿ ನೂಲಬೇಕಿತ್ತು, ಹಾಸಿನ ಎಳೆಗಳಿಗೆ ಗಂಜಿ ಹಚ್ಚಬೇಕಿತ್ತು, ಬೆಳಗಿನ ಬಿಸಿಲು ಚುರುಕಾಗುವ ಮುಂಚೆ ಬೀದಿಯುದ್ದ ನೂಲು ಹರಡಿ ಎಳೆ ಎಳೆ ಬಿಡಿಸಬೇಕಿತ್ತು, ತೆರಿಗೆ ಮಾತ್ರ ಮಗ್ಗಕ್ಕೆ, ಮಗ್ಗದೆರೆ, ಮಗ್ಗ ಗಂಡಸಿನ ಹೆಸರಲ್ಲಿ, ರಾಟೆಯನ್ನು ಲೆಕ್ಕ ಹಿಡಿದವರು ಯಾರು. ಹೋದ ತಿಂಗಳು ಝುಬೈದಾ — ನಮ್ಮ ಪಕ್ಕದ ಫ್ಲ್ಯಾಟಿನವಳು, ಉಳ್ಳಾಲದವಳು — ಪಕ್ಕದ ಹಳೆಯ ಊರು ಮುಹರ್ರಕ್‌ಗೆ ಕರೆದುಕೊಂಡು ಹೋಗಿದ್ದಳು, ಹಳೆಯ ಮನೆಯೊಂದರಲ್ಲಿ ಹೆಂಗಸರು ಜರಿಯೆಳೆಯನ್ನು ಬೆರಳುಗಳಿಗೆ ಸಿಕ್ಕಿಸಿಕೊಂಡು ಹೆಣೆಯುತ್ತಿದ್ದರು, ನಡುವೆ ಒಬ್ಬಳು ಕೂತು ಹೊಲಿಗೆ ಹಾಕುತ್ತಾಳೆ, ಉಡುಪಿನ ಅಂಚಿಗೆ ಆ ಚಿನ್ನದ ಪಟ್ಟಿ. ಹಿಂದೆ ಮುತ್ತು ತೆಗೆಯಲು ಗಂಡಸರೆಲ್ಲ ಬೇಸಿಗೆಯ ನಾಲ್ಕು ತಿಂಗಳು ಸಮುದ್ರಕ್ಕೆ ಹೋಗುತ್ತಿದ್ದಾಗ ಈ ಊರು ನಡೆಸಿದ್ದು ಯಾರು ಅಂತ ಕೇಳಿದೆ. ನಾವು ಹೆಂಗಸರೇ ಅಲ್ವಾ, ಅಂದಳು ಝುಬೈದಾ, ನಮ್ಮ ಉಳ್ಳಾಲದಲ್ಲೂ ಅಷ್ಟೇ, ನನ್ನ ಅಜ್ಜ ಹಡಗು ಹತ್ತಿದ್ರೆ ಗದ್ದೆ, ಗೇಣಿ, ಒಕ್ಕಲು ಎಲ್ಲ ಅಜ್ಜಿಯೇ, ಅಜ್ಜ ಬಂದ ಮೇಲೆ ಮಾತ್ರ ಅಜ್ಜನ ಗದ್ದೆ. ಅದನ್ನೂ ಸೇರಿಸೋಣ ಅಂದರೆ ದಾಸಪ್ಪನವರು ನಕ್ಕರು.

ಅಕ್ಕ, ಕೆಳಗೆ ನೋಡಿ, ನಿಮ್ಮ ಹೆಸರೂ ಹಾಕಿದ್ದಾರೆ, ರೊಕಿಗೆ ನನ್ನನ್ನು ಸಮಾಧಾನ ಮಾಡುವ ಆಸೆ, ಮೌಸ್ ಎಳೆದು ತೋರಿಸುತ್ತಾನೆ. ಸಂಶೋಧನೆ: ಶ್ರೀಮತಿ ಅಮೋಘ. ನನಗೆ ನಗು ಬರುತ್ತಿದೆ, ಶಾಸನ ಓದುವುದನ್ನು ಎರಡು ವರ್ಷ ಧಾರವಾಡದಲ್ಲಿ ಕಲಿತವಳು, ಇಲ್ಲಿಯ ಗುರುತಿನ ಕಾರ್ಡಿನಲ್ಲಿ ಗೃಹಿಣಿ, ಫಲಕದಲ್ಲಿ ಶ್ರೀಮತಿ ಅಮೋಘ, ನನ್ನನ್ನೂ ಗೌಡತಿ ಮಾಡಿಬಿಟ್ಟರಲ್ಲ. ಅಮೋಘನಿಗೆ ಆಗಲೇ ಫೋನ್ ಮಾಡಿದ್ದೆ, ಅವನದು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ, ನೀನು ಹೇಳೋದು ಸರಿನೇ, ಆದ್ರೆ ಅವರು ಹೇಳೋದ್ರಲ್ಲೂ ಏನಿದೆ, ಒಂದು ಬೋರ್ಡು ತಾನೆ, ಡಿಸೆಂಬರ್ ಕಳೀಲಿ, ಅನು. ಒಂದು ಬೋರ್ಡು. ಬಾಡಿಗೆ, ಮಗಳು ಸ್ಪಂದನಾಳ ಸ್ಕೂಲು, ವೀಸಾ, ಎಲ್ಲ ನನಗೂ ಗೊತ್ತು, ಗೊತ್ತಿಲ್ಲದೆ ಸಿಟ್ಟು ಮಾಡುತ್ತಿಲ್ಲ. ನಾಳೆ ಸ್ಪಂದನಾ ಈ ಫಲಕದ ಮುಂದೆ ನಿಂತು, ಅಮ್ಮ ಇದು ನೀನು ಬರ್ದಿದ್ದಾ ಅಂತ ಕೇಳುತ್ತಾಳೆ, ಹತ್ತು ವರ್ಷದವಳು, ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ ಓದುವವಳು, ಧ-ರ್ಮ-ಪ-ತ್ನಿ. ಹೌದು ಅನ್ನಲಾ. ಸರಿ, ಏಳು ರೊಕಿ, ಕೀಬೋರ್ಡ್ ಕೊಡು, ನಾನೇ ಹೊಡೆಯುತ್ತೇನೆ. ಧರ್ಮಪತ್ನಿ ಅಳಿಸು, ಜಕ್ಕಿಯಬ್ಬೆ, ಗೆ, ಜಕ್ಕಿಯಬ್ಬೆಗೆ, ನಾಳ್ಗಾವುಂಡಿಕೆಯನ್ನು ಕೊಟ್ಟನು. ವಿನಾಪೋಟಿ ಬಂದಳು, ಐದು ಹೆಂಗಸರು ಹಳೆಯ ಫೈಲಿನಿಂದ ಬಂದು ಮಗ್ಗದ ಸುತ್ತ ಕೂತರು, ಶ್ರೀಮತಿ ಅಮೋಘ ಹೋದಳು. ಏನಂತ ಹಾಕುದು ಅಕ್ಕ? ಅನಸೂಯ, ಅಷ್ಟೇ ಸಾಕು. ದಾಸಪ್ಪನವರು ಕೇಳಿದ್ರೆ? ನಾನೇ ಮಾಡಿದೆ ಅಂತ ಹೇಳು, ಕಾಗದ ಕೊಡು, ಸಹಿ ಇಲ್ಲೇ ತಾನೆ.

ಸಹಿ ಹಾಕಿದೆ, ಮಿಶಿನು ಗುರ್ರೆಂದು ಎದ್ದಿತು, ಮೊದಲ ಫಲಕದ ಅಂಚು ಬಿಸಿಯಾಗಿ ಹೊರಗೆ ಬರುತ್ತಿದೆ, ಮೇಜಿನ ಮೇಲೆ ನನ್ನ ಮೊಬೈಲು ನಡುಗುತ್ತಾ ಜಾರುತ್ತಿದೆ, ಅಮೋಘನೇ ಇರಬೇಕು, ಎತ್ತಿ ಹೇಳಿಬಿಡಬೇಕು, ಕೈ ಚಾಚಿದೆ, ಅದರ ಪರದೆಯ ಮೇಲೆ ಅಮೋಘ ಅಂತ ಇಲ್ಲ, ಎಂದೂ ಇರಲಿಲ್ಲ, ಈ ಊರಿಗೆ ಬಂದ ವಾರ ಹೊಸ ಸಿಮ್ ಹಾಕಿ ನಾನೇ ಒತ್ತಿದ ಅಕ್ಷರಗಳು, ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ತಿದ್ದಿರಲಿಲ್ಲ — ಯಜಮಾನ್ರು — ಬೆಳಕು ಆರಿತು, ಮತ್ತೆ ಹತ್ತಿತು, ಯಜಮಾನ್ರು, ಆರಿತು, ಹತ್ತಿತು, ಯಜಮಾನ್ರು