ಟೈಲರಮ್ಮನ ವಯಸ್ಸು

ತಾಲ್ಲೂಕು ಕಚೇರಿಯ ಗೇಟಿನ ಪಕ್ಕ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವ ನನಗೆ ಸುಳ್ಳು ಹೇಳುವವರನ್ನು ಕಂಡರೆ ಮೈ ಉರಿಯುತ್ತದೆ. ಆದರೂ ಟೈಲರಮ್ಮನ ಸುಳ್ಳಿನ ಮುಂದೆ ನಾನು ಸೋತೆ.

ಆಕೆಯ ವೃದ್ಧಾಪ್ಯ ವೇತನದ ಅರ್ಜಿ ಎರಡು ಸಲ ತಿರಸ್ಕೃತವಾಗಿತ್ತು. ಅರ್ಜಿಯಲ್ಲಿ ವಯಸ್ಸು ಅರವತ್ತನಾಲ್ಕು, ಗುರುತಿನ ಚೀಟಿಯಲ್ಲಿ ಐವತ್ತೇಳು. ಅರವತ್ತು ತುಂಬದೆ ವೇತನವಿಲ್ಲ. ಈಗ ಸೂಜಿಗೆ ದಾರ ಪೋಣಿಸಲೂ ಕಣ್ಣು ಕೈಕೊಡುತ್ತಿತ್ತು. ಹೊಲಿಗೆ ನಿಂತರೆ ತನ್ನದೆನ್ನುವ ಸಂಪಾದನೆಯೂ ನಿಲ್ಲುತ್ತಿತ್ತು.

“ಚೀಟಿ ಮಾಡಿಸೋವಾಗ ಐವತ್ತೇಳು ಬರೋ ಹಾಗೆ ಯಾಕಮ್ಮ ಹೇಳಿದ್ರಿ?” ಎಂದು ಗದರಿದೆ.

ಆಕೆ ಆಚೀಚೆ ನೋಡಿ ಪಿಸುಗುಟ್ಟಿದರು. “ಪಕ್ಕದಲ್ಲಿ ಯಜಮಾನ್ರು ನಿಂತಿದ್ರಪ್ಪ. ಅವರಿಗೀಗ ಅರವತ್ತೆರಡು. ನಾನೇ ಎರಡು ವರ್ಷ ದೊಡ್ಡೋಳು. ಮದುವೆಯಾದಾಗಿಂದ ಐದು ವರ್ಷ ಚಿಕ್ಕೋಳು ಅಂತಲೇ ಹೇಳ್ಕೊಂಡು ಬಂದಿದ್ದೀನಿ.”

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಆಮೇಲೆ ದಾರಿ ಹೇಳಿದೆ. ಓದಿದ ಶಾಲೆಯಿಂದ ಜನ್ಮದಿನಾಂಕದ ದಾಖಲೆ ತರಬೇಕು, ಮೊದಲು ಚೀಟಿ ತಿದ್ದಿಸಬೇಕು, ಆಮೇಲೆ ಹೊಸ ಅರ್ಜಿ. ಪರಿಶೀಲನೆಗೆ ಅಧಿಕಾರಿ ಮನೆಗೇ ಬರುತ್ತಾರೆ.

“ಮನೆಗಾ? ಯಜಮಾನ್ರ ಎದುರಿಗೇ ಕೇಳಿದ್ರೆ?”

“ಕೇಳ್ತಾರೆ. ವಯಸ್ಸು ಬೇಕೋ, ವೇತನ ಬೇಕೋ ನೀವೇ ನೋಡ್ಕೊಳ್ಳಿ” ಎಂದೆ. ಒಂದು ವಾರ ಆಕೆ ಇತ್ತ ತಲೆ ಹಾಕಲಿಲ್ಲ. ಕೊನೆಗೆ ಶಾಲೆಯ ದಾಖಲೆ ಹಿಡಿದು ಬಂದರು.

ಚೀಟಿ ತಿದ್ದುಪಡಿಯಾಗಲು ಎರಡು ತಿಂಗಳು ಹಿಡಿಯಿತು. ಪರಿಶೀಲನೆಯ ದಿನ ನನ್ನನ್ನೂ ಧೈರ್ಯಕ್ಕೆಂದು ಕರೆದರು. ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ಗಂಡ ಕೂತು ಕೈಗಡಿಯಾರವೊಂದನ್ನು ಬಿಚ್ಚುತ್ತಿದ್ದರು. ಅದೇ ಅವರ ಕಸುಬು.

“ವಯಸ್ಸೆಷ್ಟಮ್ಮ?” ಎಂದರು ಅಧಿಕಾರಿ.

ಟೈಲರಮ್ಮ ಗಂಡನತ್ತ ನೋಡಿ ಬೆರಳು ಮಡಿಸತೊಡಗಿದರು.

“ಅರವತ್ತನಾಲ್ಕು ಸಾರ್” ಎಂದರು ಗಂಡ, ಗಡಿಯಾರದಿಂದ ಕಣ್ಣೆತ್ತದೆ. “ನನಗಿಂತ ಎರಡು ವರ್ಷ ದೊಡ್ಡೋಳು.”

ಆಕೆ ಕೆಂಪಾದರು. “ನಿಮಗೆ ಯಾವಾಗ ಗೊತ್ತಾಯ್ತು?”

“ಮದುವೆಗೆ ಮುಂಚೇನೇ. ನಿಮ್ಮಣ್ಣ ಹೇಳಿದ್ದ.”

“ಮತ್ತೆ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?”

“ಹುಟ್ಟಿದ ಹಬ್ಬ ಬಂದಾಗೆಲ್ಲ ನೀನು ಬೆರಳು ಮಡಿಸಿ ಲೆಕ್ಕ ತಪ್ಪಿಸ್ತಿದ್ಯಲ್ಲ, ಅದನ್ನ ನೋಡೋಕೆ ಚೆನ್ನಾಗಿರ್ತಿತ್ತು ಕಣೇ.”

ಅಧಿಕಾರಿ ನಗು ತಡೆದುಕೊಂಡು ವರದಿಗೆ ಸಹಿ ಹಾಕಿದರು. ಮುಂದಿನ ತಿಂಗಳು ಮಂಜೂರಾತಿ ಪತ್ರ ಬಂತು. ಅದನ್ನು ಗಂಡನ ಮುಂದೆ ಹಿಡಿದು ಟೈಲರಮ್ಮ ಬೀಗಿದರು.

“ಇನ್ಮೇಲೆ ದೊಡ್ಡೋರ ಮಾತು ಕೇಳ್ಬೇಕು ನೀವು.”

“ಇಷ್ಟು ದಿನ ಕೇಳಿದ್ದು ಮತ್ತೇನು?” ಎಂದರು ಅವರು.